ಜುಲೈ 20ರಂದು ಕರೆಂಟೂ ಇಲ್ಲ, ಯಜಮಾನರೂ ಇಲ್ಲ

(ಶಿವಮೊಗ್ಗದಲ್ಲಿ ಸಣ್ಣ ಸೇವಾ ಕಚೇರಿಗಳನ್ನು ನಡೆಸುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬ್ಯಾಂಕಿಗೆ ಸಾಲದ ಅರ್ಜಿ ಕೊಡುವಾಗಲೋ, ಬೆಂಗಳೂರಿನ ದೊಡ್ಡ ಕಂಪನಿಯೊಂದು ನಮಗೆ ಕೆಲಸ ಕೊಡುವ ಮುಂಚೆಯೋ ಒಂದು ಯೋಜನಾ ವರದಿ ಕೇಳುತ್ತಾರೆ. ಅದರಲ್ಲಿ ಒಂದು ಭಾಗ ಇರುತ್ತದೆ: ವಿದ್ಯುತ್ ಹೋದರೆ ಏನು ಮಾಡುತ್ತೀರಿ, ಮುಖ್ಯ ವ್ಯಕ್ತಿಯೇ ಇಲ್ಲವಾದರೆ ಏನು ಮಾಡುತ್ತೀರಿ, ದತ್ತಾಂಶ ಕಳೆದುಹೋದರೆ ಏನು ಮಾಡುತ್ತೀರಿ. ನಾನು ನೋಡಿದ ಬಹುಪಾಲು ವರದಿಗಳಲ್ಲಿ ಇದಕ್ಕೆ ಮೂರೇ ಸಾಲಿನ ಉತ್ತರ. ‘ಯುಪಿಎಸ್ ಅಳವಡಿಸಲಾಗಿದೆ. ಸಿಬ್ಬಂದಿಗೆ ತರಬೇತಿ ನೀಡಲಾಗಿದೆ. ನಿಯಮಿತವಾಗಿ ಬ್ಯಾಕಪ್ ತೆಗೆಯಲಾಗುತ್ತದೆ.’ ಮೂರೂ ಸುಳ್ಳಲ್ಲ. ಆದರೆ ಎಷ್ಟು ಗಂಟೆ, ಯಾರು, ಯಾವ ಕಂಪ್ಯೂಟರಿನಲ್ಲಿ ಅಂತ ಕೇಳಿದರೆ ಬರೆದವರಿಗೇ ಗೊತ್ತಿರುವುದಿಲ್ಲ.

ಇವತ್ತು ಈ ಒಂದು ಭಾಗದ ಬಗ್ಗೆ ಮಾತ್ರ ಮಾತಾಡುತ್ತೇನೆ, ಅದನ್ನೂ ಒಂದೇ ಕಚೇರಿಯನ್ನು ಇಟ್ಟುಕೊಂಡು. ಈ ಕಚೇರಿ ನನ್ನ ಕಲ್ಪನೆಯದು. ಇಲ್ಲಿ ಕುಳಿತ ಕೆಲವರಿಗೆ ‘ಇದು ನಮ್ಮದೇ’ ಅನ್ನಿಸಿದರೆ ಆಶ್ಚರ್ಯವಿಲ್ಲ.

ತೀರ್ಥಹಳ್ಳಿ ಪೇಟೆಯಲ್ಲಿ ಒಂದು ಮಹಡಿ ಮೇಲೆ ತೆರಿಗೆ, ಲೆಕ್ಕಪತ್ರದ ಕಚೇರಿ. ಐದು ಜನ. ಯಜಮಾನರು ಒಬ್ಬರು, ಹಲವು ವರ್ಷಗಳಿಂದ ಜೊತೆಗಿರುವ ಹಿರಿಯ ಸಹಾಯಕಿ ಒಬ್ಬರು, ಲೆಕ್ಕ ಬರೆಯುವ ಇಬ್ಬರು, ಬಿಲ್ಲುಗಳನ್ನು ತರಲು ಓಡಾಡುವ ಹುಡುಗ ಒಬ್ಬ. ಅರವತ್ತು ಗ್ರಾಹಕರು: ಅಡಿಕೆ ವ್ಯಾಪಾರಿಗಳು, ಹಾರ್ಡ್‌ವೇರ್ ಅಂಗಡಿ, ಹೋಮ್‌ಸ್ಟೇ, ಗುತ್ತಿಗೆದಾರರು. ಒಂದು ಡೆಸ್ಕ್‌ಟಾಪ್‌ನಲ್ಲಿ ಟ್ಯಾಲಿಯ ಎಲ್ಲಾ ಲೆಕ್ಕ, ಉಳಿದವರು ನೆಟ್‌ವರ್ಕ್ ಮೂಲಕ ಅದನ್ನೇ ತೆರೆಯುತ್ತಾರೆ. ಎರಡು ಲ್ಯಾಪ್‌ಟಾಪ್ ಇವೆ. ಒಂದು ಇನ್ವರ್ಟರ್, ಅದಕ್ಕೆ 150 ಆಂಪಿಯರ್-ಅವರ್‌ನ ಒಂದು ಬ್ಯಾಟರಿ.

ಈ ಕಚೇರಿಯ ಕ್ಯಾಲೆಂಡರಿನಲ್ಲಿ ಜುಲೈ ತಿಂಗಳನ್ನು ತೆಗೆದು ನೋಡಿ. 7ಕ್ಕೆ ಟಿಡಿಎಸ್ ಕಟ್ಟಬೇಕು. 11ಕ್ಕೆ ಪ್ರತಿ ತಿಂಗಳು ಸಲ್ಲಿಸುವವರ ಮಾರಾಟದ ಬಿಲ್ಲುಗಳ ರಿಟರ್ನ್ ಜಿಎಸ್‌ಟಿಆರ್-1, 20ಕ್ಕೆ ಅವರದೇ ತೆರಿಗೆ ಕಟ್ಟಿ ಸಲ್ಲಿಸುವ ರಿಟರ್ನ್ 3ಬಿ. ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಸಣ್ಣ ವ್ಯಾಪಾರಿಗಳ ಏಪ್ರಿಲ್–ಜೂನ್ ಲೆಕ್ಕವೂ ಇದೇ ತಿಂಗಳು ಬರುತ್ತದೆ: ಜಿಎಸ್‌ಟಿಆರ್-1 13ಕ್ಕೆ, 3ಬಿ ಕರ್ನಾಟಕಕ್ಕೆ 22ಕ್ಕೆ. 31ಕ್ಕೆ ಟಿಡಿಎಸ್‌ನ ತ್ರೈಮಾಸಿಕ ರಿಟರ್ನ್, ಜೊತೆಗೆ ಸಂಬಳದಾರರ ಆದಾಯ ತೆರಿಗೆ ರಿಟರ್ನ್. ಇನ್ನು ಜುಲೈ ಅಂದರೆ ನಮ್ಮಲ್ಲಿ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಆಗುಂಬೆ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ, ಕಾಡಿನ ನಡುವೆ ಹಾದು ಬರುವ ಲೈನಿನ ಮೇಲೆ ಮರ ಬಿದ್ದರೆ ಲೈನ್‌ಮನ್ ಆ ಮರದ ಬುಡ ತಲುಪುವುದಕ್ಕೇ ಅರ್ಧ ದಿನ ಬೇಕು.

ನನ್ನ ಮುಖ್ಯ ಮಾತು ಇದು: ವರದಿಯ ನಮೂನೆಯಲ್ಲಿ ಈ ಮೂರು ತೊಂದರೆಗಳಿಗೆ ಮೂರು ಬೇರೆ ಬೇರೆ ತಲೆಬರಹ ಇರುತ್ತದೆ, ಮಲೆನಾಡಿನಲ್ಲಿ ಮಾತ್ರ ಅವು ಒಂದರ ಬಾಲ ಹಿಡಿದು ಒಂದು ಬರುತ್ತವೆ. ಹಾಗಾಗಿ ಮೂರು ಅಧ್ಯಾಯ ಬರೆಯಬೇಡಿ. ತಪ್ಪಿಸಲೇಬಾರದ ಒಂದು ದಿನಾಂಕವನ್ನು ಹಿಡಿದು, ಆ ದಿನದಿಂದ ಹಿಂದಕ್ಕೆ ನಡೆಯುತ್ತಾ ಬರೆಯಿರಿ. ನಮ್ಮ ಕಚೇರಿಗೆ ಆ ದಿನ ಜುಲೈ 20.

ತಪ್ಪಿದರೆ ಎಷ್ಟು ನಷ್ಟ ಅಂತ ಮೊದಲು ಲೆಕ್ಕ ಹಾಕೋಣ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ವ್ಯವಹಾರವೇ ಇಲ್ಲದವರಿಗೆ 20 ರೂಪಾಯಿ. ನಗದಾಗಿ ಕಟ್ಟಬೇಕಾದ ತೆರಿಗೆಯ ಮೇಲೆ ವರ್ಷಕ್ಕೆ ಶೇ. 18ರ ಬಡ್ಡಿ. ನಮ್ಮ ಅರವತ್ತರಲ್ಲಿ ಇಪ್ಪತ್ತೈದು ಜನ ತಿಂಗಳಿಗೊಮ್ಮೆ ಸಲ್ಲಿಸುವವರು ಅಂದುಕೊಂಡರೆ ದಿನಕ್ಕೆ 1,250 ರೂಪಾಯಿ ಶುಲ್ಕ. 22 ದಾಟಿದರೆ ಅರವತ್ತೂ ಜನರದ್ದು ಸೇರಿ 3,000. ಇಷ್ಟೇ ಆದರೆ ಕಚೇರಿಯೇ ಭರಿಸಿ ಕೈತೊಳೆದುಕೊಳ್ಳಬಹುದು. ಹೆಚ್ಚು ನೋವು ಕೊಡುವುದು 11ನೇ ತಾರೀಖಿನ ರಿಟರ್ನ್. ಅದು ತಡವಾದರೆ ನಮ್ಮ ಗ್ರಾಹಕನಿಂದ ಮಾಲು ಕೊಂಡವನ ಆ ತಿಂಗಳ 2ಬಿ ಅನ್ನುವ ಖರೀದಿ ಪಟ್ಟಿಯಲ್ಲಿ ಬಿಲ್ಲು ಕಾಣುವುದಿಲ್ಲ, ಅವನಿಗೆ ಆ ತಿಂಗಳು ತೆರಿಗೆ ಜಮೆ ಸಿಗುವುದಿಲ್ಲ. ಅವನು ನಮ್ಮ ಗ್ರಾಹಕನಿಗೆ ಕೊಡಬೇಕಾದ ಹಣ ತಡೆಹಿಡಿಯುತ್ತಾನೆ. ಆಮೇಲೆ ಫೋನು ಬರುವುದು ನಮಗೇ.

ಈಗ ಕರೆಂಟಿಗೆ ಬರೋಣ.

150 ಆಂಪಿಯರ್-ಅವರ್, 12 ವೋಲ್ಟ್. ಗುಣಿಸಿದರೆ 1,800 ವಾಟ್-ಅವರ್. ಅಂಗಡಿಯವರು ಈ ಲೆಕ್ಕ ಹೇಳಿ ‘ಐನೂರು ವಾಟ್ ಹಾಕಿದರೂ ಮೂರೂವರೆ ಗಂಟೆ ಸಾರ್’ ಅನ್ನುತ್ತಾರೆ. ಬರುವುದಿಲ್ಲ. ಆ 150 ಅನ್ನುವ ಅಂಕಿ ಸಾಮಾನ್ಯವಾಗಿ ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ ಬಳಸಿದರೆ ಸಿಗುವುದು, ಅಂದರೆ ಸುಮಾರು 90 ವಾಟ್ ಮಾತ್ರ ಎಳೆದರೆ. ಸೀಸ-ಆಮ್ಲದ ಬ್ಯಾಟರಿಯಿಂದ ಜೋರಾಗಿ ಎಳೆದಷ್ಟೂ ಒಟ್ಟು ಸಿಗುವುದು ಕಡಿಮೆಯಾಗುತ್ತದೆ. ಐನೂರು ವಾಟ್ ಎಳೆದರೆ ಹೇಳಿದ್ದರ ಮೂರನೇ ಎರಡು ಭಾಗ ಸಿಕ್ಕರೆ ಪುಣ್ಯ, ಅದರಲ್ಲೂ ಇನ್ವರ್ಟರ್ ತನ್ನ ಪಾಲು ಶೇ. 15ರಷ್ಟು ತಿನ್ನುತ್ತದೆ. ಉಳಿಯುವುದು ಸುಮಾರು ಸಾವಿರ ವಾಟ್-ಅವರ್. ಹೊಸ ಬ್ಯಾಟರಿಗೇ ಎರಡು ಗಂಟೆ. ಮೂರು ಮಳೆಗಾಲ ಕಂಡ ಬ್ಯಾಟರಿಯಾದರೆ ಒಂದೂಕಾಲು ಗಂಟೆಗೇ ಕೂಗಲು ಶುರು ಮಾಡಬಹುದು.

ಈ ಐನೂರು ವಾಟ್ ಎಲ್ಲಿಂದ ಬಂತು? ಡೆಸ್ಕ್‌ಟಾಪ್ ಮತ್ತು ಮಾನಿಟರ್ 150, ಎರಡು ಲ್ಯಾಪ್‌ಟಾಪ್ 100, ಎರಡು ಹಳೆಯ ಫ್ಯಾನ್ 150, ಟ್ಯೂಬ್‌ಲೈಟುಗಳು, ಇಂಟರ್ನೆಟ್ ಪೆಟ್ಟಿಗೆ, ಹೊರಗಡೆಯ ಬೋರ್ಡಿನ ಲೈಟು. ಜುಲೈಯಲ್ಲಿ ತೀರ್ಥಹಳ್ಳಿಯಲ್ಲಿ ಫ್ಯಾನ್ ಯಾಕೆ ಅಂತ ನೀವು ಕೇಳಬಹುದು. ಒದ್ದೆ ಕೊಡೆಗಳನ್ನೂ ಬಿಲ್ಲುಗಳನ್ನೂ ಒಣಗಿಸುವುದಕ್ಕೆ! ಅದನ್ನು ಆರಿಸಿ, ಬೋರ್ಡಿನ ಲೈಟು ತೆಗೆಯಿರಿ, ಟ್ಯಾಲಿಯ ಲೆಕ್ಕವನ್ನು ಒಂದು ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡು ಡೆಸ್ಕ್‌ಟಾಪನ್ನು ನಿಲ್ಲಿಸಿ. ಎರಡು ಲ್ಯಾಪ್‌ಟಾಪ್, ಇಂಟರ್ನೆಟ್ ಪೆಟ್ಟಿಗೆ, ಒಂದು ಎಲ್‌ಇಡಿ ಟ್ಯೂಬು ಮಾತ್ರ ಉಳಿದರೆ 140 ವಾಟ್. ನಿಧಾನವಾಗಿ ಎಳೆಯುವುದರಿಂದ ಬ್ಯಾಟರಿಯಿಂದ ಸಿಗುವ ಒಟ್ಟು ಮೊತ್ತವೂ ಹೆಚ್ಚುತ್ತದೆ. ಅದೇ ಬ್ಯಾಟರಿ ಏಳೆಂಟು ಗಂಟೆ ಬರುತ್ತದೆ. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ವರದಿಯಲ್ಲಿ ಬರೆಯಬೇಕಾದ ಸಾಲು ‘ಯುಪಿಎಸ್ ಇದೆ’ ಎಂದಲ್ಲ. ‘ಕರೆಂಟು ಹೋಗಿ ಹತ್ತು ನಿಮಿಷದೊಳಗೆ ಬಾರದಿದ್ದರೆ ಇಂಥವರು ಈ ನಾಲ್ಕು ಸ್ವಿಚ್ಚುಗಳನ್ನು ಆರಿಸುತ್ತಾರೆ’ ಎಂದು. ಆ ಸ್ವಿಚ್ಚುಗಳ ಮೇಲೆ ಕೆಂಪು ಟೇಪು ಅಂಟಿಸಿ. ಲೇಸರ್ ಪ್ರಿಂಟರನ್ನು ಇನ್ವರ್ಟರಿನ ಲೈನಿಗೆ ಕೊಡಲೇಬೇಡಿ. ಅದು ಬಿಸಿಯಾಗುವ ಆ ಕೆಲವು ಸೆಕೆಂಡುಗಳಲ್ಲಿ ಎಳೆಯುವ ಕರೆಂಟಿಗೆ ಸಣ್ಣ ಇನ್ವರ್ಟರ್ ಓವರ್‌ಲೋಡ್ ಆಗಿ ಎಲ್ಲವನ್ನೂ ಕೆಡವುತ್ತದೆ.

ಎರಡನೇ ದಿನದ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಖಾಲಿಯಾದ 150ರ ಬ್ಯಾಟರಿ ಪೂರ್ತಿ ತುಂಬಲು ಹತ್ತರಿಂದ ಹನ್ನೆರಡು ಗಂಟೆ ಕರೆಂಟು ಬೇಕು. ಮಳೆಗಾಲದಲ್ಲಿ ರಾತ್ರಿ ಎರಡು ಗಂಟೆ ಬಂದು ಹೋದರೆ, ಅದೂ ವೋಲ್ಟೇಜ್ ಕಡಿಮೆ ಇದ್ದು ಚಾರ್ಜರ್ ಸರಿಯಾಗಿ ತಗೊಳ್ಳದಿದ್ದರೆ, ಮರುದಿನ ನಿಮ್ಮ ಏಳು ಗಂಟೆಯ ಬ್ಯಾಟರಿ ಒಂದೂವರೆ ಗಂಟೆಯದ್ದು. ಮೊದಲ ದಿನ ಚೆನ್ನಾಗಿ ನಡೆಯಿತಲ್ಲ ಅಂತ ಧೈರ್ಯದಲ್ಲಿರುವವರು ಎರಡನೇ ದಿನ ಸಿಕ್ಕಿಬೀಳುತ್ತಾರೆ.

ನಿಮ್ಮ ಬ್ಯಾಟರಿಯ ನಿಜವಾದ ಆಯಸ್ಸು ತಿಳಿಯಲು ಒಂದೇ ದಾರಿ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಸರಿಮಾಡಿ, ಪೂರ್ತಿ ಚಾರ್ಜ್ ಆದ ಮೇಲೆ ಕೆಲಸದ ದಿನವೇ ಮೇನ್ ಎಂಸಿಬಿ ಕೆಳಗಿಳಿಸಿ. ಕೆಂಪು ಟೇಪಿನ ಸ್ವಿಚ್ಚುಗಳನ್ನು ಆರಿಸಿ ಕೆಲಸ ಮುಂದುವರಿಸಿ, ಇನ್ವರ್ಟರ್ ಕೂಗುವವರೆಗೆ ಗಡಿಯಾರ ನೋಡಿ. ಬಂದ ಅಂಕಿಯನ್ನು ವರದಿಯಲ್ಲಿ ತಾರೀಖು ಸಮೇತ ಬರೆಯಿರಿ. ಕಳೆದ ವರ್ಷ ಆರು ಗಂಟೆ ಬಂದದ್ದು ಈ ವರ್ಷ ಮೂರಕ್ಕಿಳಿದಿದ್ದರೆ ಬ್ಯಾಟರಿ ಬದಲಿಸುವ ಕಾಲ ಬಂತು ಅಂತ ಅರ್ಥ. ಬ್ಯಾಂಕಿನವರು ಓದಿದರೂ ಅವರಿಗೆ ‘ಇವರು ಅಳೆದು ನೋಡಿದ್ದಾರೆ’ ಅಂತ ತಿಳಿಯುತ್ತದೆ.

ಕರೆಂಟು ಇದ್ದರೆ ಇಂಟರ್ನೆಟ್ ಇರುತ್ತದೆ ಅಂತಲೂ ಅಂದುಕೊಳ್ಳಬೇಡಿ. ನಮ್ಮ ಪೆಟ್ಟಿಗೆಗೆ ನಾವು ಕರೆಂಟು ಕೊಡಬಹುದು, ಫೈಬರಿನ ಆ ಕಡೆಯ ತುದಿಯ ಯಂತ್ರಕ್ಕೂ ಮೊಬೈಲ್ ಟವರಿಗೂ ಅವುಗಳದ್ದೇ ಬ್ಯಾಟರಿ. ಕೆಲವು ಗಂಟೆಗಳಾದ ಮೇಲೆ ಅವೂ ಮಲಗುತ್ತವೆ. ಆದ್ದರಿಂದ ಕೆಲಸವನ್ನು ಎರಡು ಭಾಗ ಮಾಡಿ. ಬಿಲ್ಲು ಏರಿಸುವುದು, ಲೆಕ್ಕ ತಾಳೆ ನೋಡುವುದು, ಜಿಎಸ್‌ಟಿಯ ಆಫ್‌ಲೈನ್ ಟೂಲಿನಲ್ಲಿ ಜಿಎಸ್‌ಟಿಆರ್-1ರ ಕಡತ ತಯಾರಿಸುವುದು, ಇದಕ್ಕೆ ನೆಟ್‌ವರ್ಕ್ ಬೇಡ. ತೆರಿಗೆ ಕಟ್ಟಿ ಸಲ್ಲಿಸುವುದಕ್ಕೆ ಮಾತ್ರ ಬೇಕು. ಎರಡನೆಯ ಭಾಗದ ಕೆಲಸ ಇಪ್ಪತ್ತೈದು ಜನರದ್ದಾದರೂ, ಲೆಕ್ಕ ಮೊದಲೇ ಸಿದ್ಧವಿದ್ದರೆ ಒಂದು ದಿನದ್ದು. ಆ ಒಂದು ದಿನಕ್ಕೆ ಲ್ಯಾಪ್‌ಟಾಪ್ ಹಿಡಿದು ಬಸ್ ಹತ್ತಿ ಶಿವಮೊಗ್ಗಕ್ಕೆ ಬಂದು ಕೂರುವ ಜಾಗ ಗೊತ್ತಿರಬೇಕು. ಇದೇ ವೃತ್ತಿಯ ಸ್ನೇಹಿತರ ಕಚೇರಿಯೊಂದರ ಜೊತೆ ‘ನಿಮಗೆ ಕಷ್ಟ ಬಂದರೆ ನಮ್ಮಲ್ಲಿ ಎರಡು ಕುರ್ಚಿ, ನಮಗೆ ಬಂದರೆ ನಿಮ್ಮಲ್ಲಿ’ ಅಂತ ಮಾತಾಡಿಕೊಂಡು, ಅದನ್ನೂ ವರದಿಯಲ್ಲಿ ಬರೆಯಿರಿ.

ಇದಕ್ಕಿಂತ ಅಗ್ಗದ ಉಪಾಯ ಒಂದಿದೆ. ಕಚೇರಿಯೊಳಗಿನ ಗಡುವನ್ನು 20ರಿಂದ 17ಕ್ಕೆ ತನ್ನಿ. ಮೂರು ದಿನ ಕೈಯಲ್ಲಿದ್ದರೆ ಎರಡು ದಿನದ ಕರೆಂಟಿನ ತೊಂದರೆ ತೊಂದರೆಯೇ ಅಲ್ಲ. ಇದಕ್ಕೆ ಅಡ್ಡಿ ಕರೆಂಟಲ್ಲ, 18ಕ್ಕೆ ಪ್ಲಾಸ್ಟಿಕ್ ಕವರಿನಲ್ಲಿ ಬಿಲ್ಲು ತಂದು ಮೇಜಿನ ಮೇಲಿಡುವ ಗ್ರಾಹಕ. ‘ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 8ರೊಳಗೆ ಬಿಲ್ಲು ಬರಬೇಕು, ಆಮೇಲೆ ಬಂದರೆ ವಿಳಂಬ ಶುಲ್ಕ ನಿಮ್ಮದೇ’ ಅಂತ ಅವರಿಗೆ ಏಪ್ರಿಲ್‌ನಲ್ಲೇ ಬರೆದು ಕೊಡಿ. ಅರ್ಧ ಜನ ಕೇಳುತ್ತಾರೆ. ಅರ್ಧ ಜನ ಕೇಳಿದರೂ ಸಾಕು.

ಇನ್ನು ವ್ಯಕ್ತಿಯ ವಿಷಯ.

‘ಮುಖ್ಯ ವ್ಯಕ್ತಿಯ ನಷ್ಟ’ ಅಂದ ಕೂಡಲೇ ಎಲ್ಲರೂ ಸಾವಿನ ಬಗ್ಗೆ ಯೋಚಿಸಿ, ಅಪಶಕುನ ಬೇಡ ಅಂತ ಪುಟ ತಿರುಗಿಸುತ್ತಾರೆ. ನೀವು ಸಿದ್ಧರಾಗಬೇಕಾದದ್ದು ಮೊದಲು ನಾಲ್ಕು ದಿನದ ಗೈರುಹಾಜರಿಗೆ. ಯಜಮಾನರ ಮನೆ ಆಗುಂಬೆ ಕಡೆಯ ಹಳ್ಳಿಯಲ್ಲಿ ಅಂದುಕೊಳ್ಳಿ. ಧರೆ ಕುಸಿದು ರಸ್ತೆ ಬಂದ್, ನೆಟ್‌ವರ್ಕ್ ಇಲ್ಲ. ಅವರು ಆರೋಗ್ಯವಾಗಿ ಮನೆಯಲ್ಲೇ ಕಾಫಿ ಕುಡಿಯುತ್ತಾ ಕೂತಿದ್ದಾರೆ, ಕಚೇರಿಗೆ ಮಾತ್ರ ಇಲ್ಲ. ಬೇಸಿಗೆಯಲ್ಲಾದರೆ ಜ್ವರ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಈಗಲೂ ಡಿಸೆಂಬರ್‌ನಿಂದ ಮೇ ತನಕ ನಮ್ಮ ತಾಲ್ಲೂಕುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದು ಬಂದವರು ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ಸುಸ್ತಾಗಿರುತ್ತಾರೆ. ನಾಲ್ಕು ದಿನಕ್ಕೆ ಸರಿಯಾಗಿ ಸಿದ್ಧರಾದರೆ ನಾಲ್ಕು ವಾರದ ಮುಕ್ಕಾಲು ಕೆಲಸ ಆದಂತೆ.

ನಮ್ಮ ಕಚೇರಿಯಲ್ಲಿ ಮುಖ್ಯ ವ್ಯಕ್ತಿ ಯಾರು? ಯಜಮಾನರು ಅಂತ ಅವರು ಹೇಳುತ್ತಾರೆ. ಹುಡುಗನನ್ನು ಕೇಳಿದರೆ ಹಿರಿಯ ಸಹಾಯಕಿ ಅನ್ನುತ್ತಾನೆ. ನಾನು ಹೇಳುವುದು ಆ ಸಹಾಯಕಿಯ ಮೊಬೈಲ್ ಫೋನ್. ಹೇಗೆ ಅಂದರೆ, ಜಿಎಸ್‌ಟಿ ನೋಂದಣಿ ಮಾಡಿಸುವಾಗ ಗ್ರಾಹಕರು ‘ನನಗೆ ಒಟಿಪಿ ಎಲ್ಲಾ ಬೇಡ ಮೇಡಂ, ನಿಮ್ಮ ನಂಬರ್ರೇ ಹಾಕಿ’ ಅಂದಿರುತ್ತಾರೆ. ಕೆಲಸ ಬೇಗ ಮುಗಿಯಲಿ ಅಂತ ಇವರೂ ಹಾಕಿರುತ್ತಾರೆ. ಹೀಗೆ ಒಂದೊಂದಾಗಿ ಮೂವತ್ತು ನಲವತ್ತು ಗ್ರಾಹಕರ ಒಟಿಪಿ ಒಂದೇ ವೈಯಕ್ತಿಕ ಸಿಮ್ಮಿಗೆ ಬಂದು ಬೀಳುತ್ತದೆ. ಕಚೇರಿಯ ಇಮೇಲ್, ಟ್ಯಾಲಿಯ ಲೈಸೆನ್ಸ್, ಆನ್‌ಲೈನ್ ಬ್ಯಾಕಪ್ಪಿನ ಖಾತೆ, ಅವೂ ಅದೇ ನಂಬರಿಗೆ. ಅವರು ಮದುವೆಯಾಗಿ ಬೇರೆ ಊರಿಗೆ ಹೋದರೆ, ಅಥವಾ ಫೋನು ತುಂಗೆಯ ಪಾಲಾದರೆ, ಕಚೇರಿಯ ಬಾಗಿಲು ಹಾಕಿದಂತೆಯೇ.

ಡೂಪ್ಲಿಕೇಟ್ ಸಿಮ್ ತೆಗೆಸಿದರಾಯಿತು ಅನ್ನಬೇಡಿ. ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಗುರುತಿನ ಚೀಟಿ ಹಿಡಿದು ಹೋಗಬೇಕು. ವಂಚನೆ ತಡೆಯಲೆಂದು ಹೊಸ ಸಿಮ್ ಚಾಲೂ ಆದ ಮೇಲೆ 24 ಗಂಟೆ ಎಸ್‌ಎಂಎಸ್ ತಡೆಹಿಡಿಯುತ್ತಾರೆ. ಅಂದರೆ 19ಕ್ಕೆ ಸಂಜೆ ಸಿಮ್ ಸಿಕ್ಕರೂ 20ರ ಸಂಜೆಯವರೆಗೆ ಆ ನಂಬರಿಗೆ ಒಟಿಪಿ ಇಲ್ಲ. ಪೋರ್ಟಲ್ಲಿನಲ್ಲಿ ನಂಬರ್ ಬದಲಿಸುವುದಕ್ಕೂ ಹಳೆಯ ನಂಬರಿಗೆ ಪ್ರವೇಶ ಬೇಕಾದರೆ ಸಿಕ್ಕಿಹಾಕಿಕೊಂಡಂತೆ. ಆಗ ಗ್ರಾಹಕರೇ ದಾಖಲೆ ಹಿಡಿದು ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಯ ಬಳಿ ಹೋಗಿ ಇಮೇಲ್, ಮೊಬೈಲ್ ಬದಲಿಸಿಕೊಡಿ ಅಂತ ಕೇಳಬೇಕು. ಒಬ್ಬರಿಗೆ ಮಾಡಿಸಬಹುದು. ನಲವತ್ತು ಜನರನ್ನು ಮಳೆಯಲ್ಲಿ ಕರೆದುಕೊಂಡು ಹೋಗಲು ಆಗುತ್ತದೆಯೇ?

ಪರಿಹಾರ ನಿಧಾನದ್ದು, ಕಷ್ಟದ್ದಲ್ಲ. ಅರವತ್ತು ಗ್ರಾಹಕರ ಪಟ್ಟಿ ಮಾಡಿ, ಒಬ್ಬೊಬ್ಬರ ಮುಂದೆ ಒಟಿಪಿ ಯಾರ ನಂಬರಿಗೆ ಹೋಗುತ್ತದೆ ಅಂತ ಬರೆಯಿರಿ. ಆ ಅಂಕಣ ತುಂಬಿದಾಗ ನಿಮ್ಮ ನಿಜವಾದ ಅಪಾಯ ಕಾಗದದ ಮೇಲೆ ಕಾಣುತ್ತದೆ. ಆಮೇಲೆ ವಾರಕ್ಕೆ ಮೂರರಂತೆ ಗ್ರಾಹಕರದ್ದೇ ಮೊಬೈಲಿಗೆ ಬದಲಿಸಿ. ಈಗ ನಂಬರ್ ಕೈಯಲ್ಲಿದೆ, ಈಗ ಸುಲಭ. ಪೇಟೆಯ ಅಡಿಕೆ ವ್ಯಾಪಾರಿಗೆ ಫೋನು ಮಾಡಿ ‘ಒಂದು ಒಟಿಪಿ ಬಂದಿದೆ, ಹೇಳಿ’ ಅಂತ ಕೇಳುವುದು ಕಿರಿಕಿರಿ ನಿಜ. ಆದರೆ ತನ್ನ ರಿಟರ್ನ್ ಯಾವಾಗ ಸಲ್ಲಿಕೆಯಾಯಿತು ಅಂತ ಅವರಿಗೂ ಗೊತ್ತಾಗುತ್ತದೆ. ಕಂಪನಿಗಳ ಡಿಜಿಟಲ್ ಸಹಿಯ ಟೋಕನ್‌ಗಳೂ ಹಾಗೆಯೇ. ಅದು ಅವರ ಸಹಿ. ನಮ್ಮ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡುವ ವಸ್ತುವಲ್ಲ. ಕಚೇರಿಯದೇ ಆದ ಇಮೇಲ್, ಲೈಸೆನ್ಸ್, ಬ್ಯಾಕಪ್ ಖಾತೆಗಳಿಗೆ ಸಂಸ್ಥೆಯ ಹೆಸರಿನಲ್ಲೇ ಒಂದು ಸಿಮ್ ತೆಗೆದು, ಒಂದು ಸಾದಾ ಫೋನಿಗೆ ಹಾಕಿ ಕಚೇರಿಯಲ್ಲೇ ಇಡಿ. ಅದನ್ನು ಯಾರೂ ಮನೆಗೆ ಒಯ್ಯಬಾರದು.

ಇನ್ನು ತಲೆಯಲ್ಲಿರುವ ವಿಷಯ. ಯಾವ ಗುತ್ತಿಗೆದಾರರ ಬಿಲ್ಲಿನಲ್ಲಿ ಟಿಡಿಎಸ್ ಕಳೆದು ಬಂದಿರುತ್ತದೆ, ಯಾರ ಎರಡು ಅಂಗಡಿಗೆ ಒಂದೇ ನೋಂದಣಿ, ಯಾರು ಚಲನ್ ಹಣ ಕೊಡುವುದು ಕೊನೆಯ ದಿನವೇ. ಇದನ್ನು ಕೈಪಿಡಿ ಮಾಡಿ ಬರೆಯಿರಿ ಅಂದರೆ ಯಾರೂ ಬರೆಯುವುದಿಲ್ಲ, ಬರೆದರೂ ಓದುವುದಿಲ್ಲ. ಬೇರೆ ದಾರಿ ಇದೆ. ತಿಂಗಳಿಗೆ ಐದು ಗ್ರಾಹಕರ ಕೆಲಸವನ್ನು ಮಾಮೂಲಿಯಾಗಿ ಮಾಡುವವರು ಬಿಟ್ಟು ಬೇರೆಯವರು ಆರಂಭದಿಂದ ಸಲ್ಲಿಕೆಯವರೆಗೆ ಮಾಡಲಿ. ಮಾಮೂಲಿಯವರು ಪಕ್ಕದಲ್ಲಿ ಕೂರಬಹುದು, ಬಾಯಿ ಬಿಡಬಾರದು. ಹೊಸಬರು ಎಲ್ಲಿ ನಿಂತು ಕೇಳುತ್ತಾರೋ ಆ ಪ್ರಶ್ನೆ ಮತ್ತು ಅದರ ಉತ್ತರ ಮಾತ್ರ ಆ ಗ್ರಾಹಕರ ಕಡತದ ಮೊದಲ ಪುಟಕ್ಕೆ ಹೋಗಲಿ. ಒಂದು ವರ್ಷಕ್ಕೆ ಅರವತ್ತೂ ಮುಗಿಯುತ್ತದೆ. ಬರೆದದ್ದು ಕಡಿಮೆ ಇರುತ್ತದೆ, ಬೇಕಾದದ್ದೇ ಇರುತ್ತದೆ.

ಸಾವಿನ ಮಾತನ್ನೂ ಒಂದು ನಿಮಿಷ ಆಡಿಬಿಡುತ್ತೇನೆ. ಕಚೇರಿ ಒಬ್ಬರದೇ ಮಾಲೀಕತ್ವದ್ದಾದರೆ, ಅವರು ತೀರಿಕೊಂಡ ಸುದ್ದಿ ಬ್ಯಾಂಕಿಗೆ ತಲುಪಿದ ದಿನವೇ ಆ ಖಾತೆಯ ವ್ಯವಹಾರ ನಿಲ್ಲುತ್ತದೆ. ನಾಮಿನಿಗೆ ಖಾತೆಯಲ್ಲಿರುವ ಹಣ ಸಿಗುತ್ತದೆ, ಆ ಖಾತೆಯನ್ನು ನಡೆಸುವ ಅಧಿಕಾರ ಸಿಗುವುದಿಲ್ಲ. ಆ ತಿಂಗಳ ಸಂಬಳ, ಬಾಡಿಗೆ ಯಾರು ಕೊಡುತ್ತಾರೆ? ಪಾಲುದಾರಿಕೆ ಮಾಡಿಕೊಳ್ಳುವುದಾದರೆ ಈ ಒಂದು ಕಾರಣಕ್ಕೇ ಮಾಡಿಕೊಳ್ಳಬಹುದು. ಅದು ಬೇಡ ಅಂದರೆ ಎರಡು ತಿಂಗಳ ಖರ್ಚಿನಷ್ಟು ಹಣ ಮನೆಯವರ ಜೊತೆಗಿನ ಜಂಟಿ ಖಾತೆಯಲ್ಲಿರಲಿ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯುವಂತೆ.

ಮೂರನೆಯದು ದತ್ತಾಂಶ. ಇಲ್ಲಿ ಹಿಂದಿನ ಎರಡೂ ಬಂದು ಸೇರುತ್ತವೆ.

18ರ ರಾತ್ರಿ ಕರೆಂಟು ಬಂತು, ಬರುವಾಗ ವೋಲ್ಟೇಜ್ ಜಿಗಿಯಿತು. ಬೆಳಿಗ್ಗೆ ಡೆಸ್ಕ್‌ಟಾಪ್ ಸತ್ತಿದೆ. ರಿಪೇರಿಯವರು ಬಂದು ‘ಮದರ್‌ಬೋರ್ಡ್ ಹೋಗಿದೆ, ಡಿಸ್ಕ್ ಚೆನ್ನಾಗಿದೆ’ ಅಂದರು. ಸಮಾಧಾನ. ಡಿಸ್ಕ್ ಬಿಚ್ಚಿ ಲ್ಯಾಪ್‌ಟಾಪಿಗೆ ಹಾಕಿದರೆ ಪರದೆಯ ಮೇಲೆ 48 ಅಂಕಿಗಳ ಒಂದು ಕೀ ಕೇಳುತ್ತದೆ. ಇದು ಬಿಟ್‌ಲಾಕರ್. ಹೊಸ ವಿಂಡೋಸ್ ಕಂಪ್ಯೂಟರುಗಳನ್ನು ಮೈಕ್ರೋಸಾಫ್ಟ್ ಖಾತೆಯಿಂದ ಶುರು ಮಾಡಿದರೆ ಎಷ್ಟೋ ಸಲ ತಾನಾಗಿಯೇ ಡಿಸ್ಕಿಗೆ ಬೀಗ ಹಾಕಿಕೊಂಡಿರುತ್ತದೆ. ಆ ಕೀ ಕಂಪ್ಯೂಟರನ್ನು ಮೊದಲು ಶುರು ಮಾಡಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಶುರು ಮಾಡಿದ್ದು ಕೆಲಸ ಬಿಟ್ಟು ಹೋದ ಹುಡುಗನೋ, ಈಗ ನೆಟ್‌ವರ್ಕಿಲ್ಲದ ಊರಲ್ಲಿರುವ ಯಜಮಾನರೋ? ನೋಡಿ, ಕರೆಂಟಿನ ತೊಂದರೆ ವ್ಯಕ್ತಿಯ ತೊಂದರೆಯಾಗಿ, ಅದು ದತ್ತಾಂಶದ ತೊಂದರೆಯಾಗಿ ಬಂದು ನಿಂತಿತು. ಮನೆಗೆ ಹೋದ ಕೂಡಲೇ ಮಾಡಬೇಕಾದ ಒಂದೇ ಕೆಲಸ ಹೇಳಿ ಅಂದರೆ ನಾನು ಹೇಳುವುದು ಇದನ್ನೇ: ಪ್ರತಿ ಕಂಪ್ಯೂಟರಿನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಹೊಡೆಯಿರಿ,

```
manage-bde -protectors -get C:
```

ಬಂದ 48 ಅಂಕಿಗಳನ್ನು ಮುದ್ರಿಸಿ, ಕಂಪ್ಯೂಟರಿನ ಹೆಸರು ಬರೆದು ಲಕೋಟೆಯಲ್ಲಿ ಹಾಕಿ ಬ್ಯಾಂಕ್ ಲಾಕರಿನಲ್ಲೋ ಮನೆಯ ಬೀರುವಿನಲ್ಲೋ ಇಡಿ. ಬೀಗ ಹಾಕಿಲ್ಲದಿದ್ದರೆ ಕೀ ಬರುವುದಿಲ್ಲ, ಅದೂ ತಿಳಿದಂತಾಯಿತು.

ಬ್ಯಾಕಪ್ ಇದ್ದರೆ ಈ ಕೀಗಾಗಿ ಒದ್ದಾಡಬೇಕಿರಲಿಲ್ಲ. ‘ಇದೆಯಲ್ಲ, ಟ್ಯಾಲಿ ಫೋಲ್ಡರನ್ನೇ ಗೂಗಲ್ ಡ್ರೈವ್‌ಗೆ ಸಿಂಕ್ ಮಾಡಿದ್ದೇವೆ’ ಅನ್ನುತ್ತಾರೆ. ಅದು ಬ್ಯಾಕಪ್ ಅಲ್ಲ. ಇಲ್ಲಿ ಕೆಟ್ಟರೆ ಕೆಟ್ಟದ್ದೇ ಅಲ್ಲಿಗೂ ಹೋಗುತ್ತದೆ, ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಮೇಲಾಗಿ ಟ್ಯಾಲಿ ಬರೆಯುತ್ತಿರುವ ಕಡತವನ್ನೇ ಸಿಂಕ್ ಕೂಡ ಹಿಡಿದರೆ ಲೆಕ್ಕ ಕೆಡುವ ಸಾಧ್ಯತೆ ಹೆಚ್ಚು. ಕಂಪ್ಯೂಟರಿಗೆ ಸದಾ ಚುಚ್ಚಿರುವ ಹಾರ್ಡ್‌ಡಿಸ್ಕೂ ಹಾಗೆಯೇ. ವೋಲ್ಟೇಜ್ ಜಿಗಿದಾಗ ಅದಕ್ಕೂ ಪೆಟ್ಟು, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಬಂದರೆ ಅದಕ್ಕೂ ಬೀಗ.

ನಮ್ಮ ಐದು ಜನರ ಕಚೇರಿಗೆ ಇಷ್ಟು ಸಾಕು. ಸಂಜೆ ಎಲ್ಲರೂ ಟ್ಯಾಲಿಯಿಂದ ಹೊರಬಂದ ಮೇಲೆ ಟ್ಯಾಲಿಯದೇ ಬ್ಯಾಕಪ್ ಆಯ್ಕೆಯಿಂದ, ಆ ದಿನದ ತಾರೀಖಿನ ಹೆಸರಿನ ಫೋಲ್ಡರಿಗೆ ಪ್ರತಿ. ಎರಡು ಹಾರ್ಡ್‌ಡಿಸ್ಕ್: ಒಂದು ದಿನ ಒಂದು, ಮರುದಿನ ಇನ್ನೊಂದು. ಆ ದಿನದ್ದು ಬಿಚ್ಚಿಕೊಂಡು ಮನೆಗೆ ಹೋಗಬೇಕು. ನೆಟ್‌ವರ್ಕ್ ಇದ್ದ ದಿನ ಅದೇ ಪ್ರತಿ ಆನ್‌ಲೈನ್ ಖಾತೆಗೂ ಏರಲಿ. ಹಾರ್ಡ್‌ಡಿಸ್ಕನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಜುಲೈಯಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಜಿಎಸ್‌ಟಿ ಲೆಕ್ಕಗಳನ್ನು ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಉಳಿಸಿಕೊಳ್ಳಬೇಕು. ಅಷ್ಟು ಮಳೆಗಾಲಗಳನ್ನು ಒಂದೇ ಪೆನ್‌ಡ್ರೈವ್ ದಾಟುತ್ತದೆ ಅಂತ ನಂಬಬೇಡಿ. ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ನಕಲು ಮಾಡಿ.

ಇಷ್ಟಾದರೂ, ಹಿಂದಕ್ಕೆ ತಂದು ನೋಡದ ಬ್ಯಾಕಪ್ಪನ್ನು ವರದಿಯಲ್ಲಿ ಬರೆಯುವ ಹಾಗಿಲ್ಲ. ಮೂರು ತಿಂಗಳಿಗೊಮ್ಮೆ, ಕಚೇರಿಯ ಡೆಸ್ಕ್‌ಟಾಪ್ ಬಿಟ್ಟು ಲ್ಯಾಪ್‌ಟಾಪಿನಲ್ಲಿ, ಒಂದು ಖಾಲಿ ಫೋಲ್ಡರಿಗೆ ರಿಸ್ಟೋರ್ ಮಾಡಿ. ಖಾಲಿ ಫೋಲ್ಡರ್ ಅನ್ನುವುದು ಮುಖ್ಯ. ಚಾಲ್ತಿಯಲ್ಲಿರುವ ಲೆಕ್ಕದ ಮೇಲೆಯೇ ರಿಸ್ಟೋರ್ ಮಾಡಿದರೆ ಹಳೆಯದು ಹೊಸದನ್ನು ನುಂಗುತ್ತದೆ. ಬ್ಯಾಕಪ್ ತೆಗೆದ ದಿನ ಐದು ಗ್ರಾಹಕರ ಟ್ರಯಲ್ ಬ್ಯಾಲೆನ್ಸ್ ಮೊತ್ತವನ್ನೂ ಕೊನೆಯ ವೋಚರ್ ನಂಬರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟಿರಿ. ರಿಸ್ಟೋರ್ ಆದದ್ದರ ಜೊತೆ ತಾಳೆ ನೋಡಿ. ಕಂಪನಿ ತೆರೆಯಿತು ಅಂದ ಮಾತ್ರಕ್ಕೆ ಸರಿ ಇದೆ ಅಂತಲ್ಲ, ಕಳೆದ ಮಾರ್ಚ್‌ವರೆಗಿನದ್ದೇ ತೆರೆದಿರಬಹುದು. ಆ ಲ್ಯಾಪ್‌ಟಾಪಿನಲ್ಲಿ ಲೈಸೆನ್ಸ್ ಇಲ್ಲದಿದ್ದರೆ ಟ್ಯಾಲಿ ಎಜುಕೇಶನ್ ಮೋಡ್‌ನಲ್ಲಿ ತೆರೆಯುತ್ತದೆ. ಆಗ ಲೆಕ್ಕ ನೋಡಬಹುದು, ಹೊಸ ನಮೂದನ್ನು ತಿಂಗಳ ಕೆಲವೇ ತಾರೀಖುಗಳಿಗೆ ಮಾತ್ರ ಹಾಕಬಹುದು. ಲೈಸೆನ್ಸನ್ನು ಹೊಸ ಯಂತ್ರಕ್ಕೆ ತರಲು ಬೇಕಾದ ಇಮೇಲ್ ಯಾರದ್ದು ಅನ್ನುವ ಪ್ರಶ್ನೆ ಮತ್ತೆ ಬಂತು. ಅದಕ್ಕೇ ಸಂಸ್ಥೆಯ ಸಿಮ್, ಸಂಸ್ಥೆಯ ಇಮೇಲ್ ಅಂದದ್ದು.

ರಿಸ್ಟೋರ್ ಮಾಡಲು ಎಷ್ಟು ಹೊತ್ತು ಹಿಡಿಯಿತು ಅಂತಲೂ ಬರೆದುಕೊಳ್ಳಿ. ನಮ್ಮ ಕಚೇರಿಯ ವರದಿಯಲ್ಲಿ ಕೊನೆಗೆ ಬಂದ ವಾಕ್ಯ ಹೀಗಿರಬಹುದು: ‘ಮುಖ್ಯ ಕಂಪ್ಯೂಟರ್ ಪೂರ್ತಿ ಹಾಳಾದರೂ ಮೂರು ಗಂಟೆಯೊಳಗೆ ಲ್ಯಾಪ್‌ಟಾಪಿನಲ್ಲಿ ಕೆಲಸ ಮುಂದುವರಿಯುತ್ತದೆ. ಹೆಚ್ಚೆಂದರೆ ಒಂದು ದಿನದ ನಮೂದುಗಳನ್ನು ಮತ್ತೆ ಹಾಕಬೇಕಾಗುತ್ತದೆ. ಆ ದಿನದ ಬಿಲ್ಲುಗಳು ಬ್ಯಾಕಪ್ ಆಗುವವರೆಗೆ ಕಡತಕ್ಕೆ ಹೋಗದೆ ಟ್ರೇಯಲ್ಲೇ ಇರುತ್ತವೆ.’

ಪ್ರಶ್ನೆಗಳಲ್ಲಿ ಸಾಗರದಿಂದ ಬಂದಿದ್ದ ಒಬ್ಬರು, ‘ಇಷ್ಟೆಲ್ಲಾ ಯಾಕೆ ಸಾರ್, ಒಂದು ಸಣ್ಣ ಜನರೇಟರ್ ತಗೊಂಡ್ರೆ ಆಗಲ್ವಾ?’ ಅಂತ ಕೇಳಿದರು. ದವಾಖಾನೆ, ಸ್ಕ್ಯಾನಿಂಗ್, ಫ್ರಿಜ್ ಇರುವ ಕಡೆ ಬೇಕು. 140 ವಾಟಿನ ಕಚೇರಿಗೆ ಬೇಡ. ಟವರ್ ಮಲಗಿದ ಮೇಲೆ ಜನರೇಟರ್ ಇದ್ದೂ ಸಲ್ಲಿಸಲು ಆಗುವುದಿಲ್ಲ. ಆ ಹಣದಲ್ಲಿ ಎರಡನೇ ಬ್ಯಾಟರಿಯೋ ಮೂರನೇ ಲ್ಯಾಪ್‌ಟಾಪೋ ತಗೊಳ್ಳಿ. ಇಟ್ಟುಕೊಳ್ಳುವುದೇ ಆದರೆ ಮಳೆ ಬರುತ್ತೆ ಅಂತ ಮೆಟ್ಟಿಲ ಕೆಳಗೆ, ಬಾಗಿಲು ಮುಚ್ಚಿದ ಜಾಗದಲ್ಲಿ ಮಾತ್ರ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇರುವುದಿಲ್ಲ, ಪ್ರಾಣ ತೆಗೆಯುತ್ತದೆ.

ಇನ್ನೊಬ್ಬರು ಎದ್ದು ನಿಂತು, ಎಲ್ಲರ ಮನಸ್ಸಿನಲ್ಲಿದ್ದದ್ದನ್ನೇ ಕೇಳಿದರು. ‘ಎಲ್ಲಾ ಪಾಸ್‌ವರ್ಡ್, ಎಲ್ಲಾ ಕೆಲಸ ಇನ್ನೊಬ್ಬರಿಗೆ ಹೇಳಿಕೊಟ್ರೆ ನಾಳೆ ಅವರೇ ಪಕ್ಕದ ಬೀದೀಲಿ ಆಫೀಸ್ ತೆಗೀತಾರಲ್ಲ?’ ತೆಗೆಯಬಹುದು. ಈಗಿನ ವ್ಯವಸ್ಥೆಯಲ್ಲಿ ಅವರು ಹೋದರೆ ನಲವತ್ತು ಗ್ರಾಹಕರ ಒಟಿಪಿಯನ್ನೂ ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಾರೆ, ನೀವು ಏನೂ ಮಾಡುವಂತಿಲ್ಲ. ಒಟಿಪಿ ಗ್ರಾಹಕರ ಫೋನಿಗೆ, ಗ್ರಾಹಕರ ಇಮೇಲಿಗೆ ಮಾತ್ರ ಹೋಗುವಂತೆ ಮಾಡಿದರೆ, ಪಾಸ್‌ವರ್ಡ್ ಗೊತ್ತಿದ್ದವರೂ ಗ್ರಾಹಕರನ್ನು ಕೇಳದೆ ರಿಟರ್ನ್ ಸಲ್ಲಿಸಲಾರರು. ಕಚೇರಿಯ ಖಾತೆಗಳ ಪಾಸ್‌ವರ್ಡುಗಳನ್ನು ಲಕೋಟೆಯಲ್ಲಿ ಹಾಕಿ, ಅಂಟಿದ ಜಾಗದ ಮೇಲೆ ಅಡ್ಡ ಸಹಿ ಮಾಡಿ ಮನೆಯವರ ಬಳಿ ಕೊಡಿ. ತೆರೆದರೆ ತಿಳಿಯುತ್ತದೆ. ತೆರೆಯುವ ಪ್ರಸಂಗ ಬಂದರೆ, ಕೆಲಸ ಮುಗಿದ ದಿನವೇ ಪಾಸ್‌ವರ್ಡ್ ಬದಲಿಸಿ ಹೊಸ ಲಕೋಟೆ ಮಾಡಿ.